ಶನಿವಾರದ ಜಗಳ, ಒಂದು ಲೋಟ ಮಜ್ಜಿಗೆಯ ಜಗ್ಗಾಟ

"ಸ್ವಲ್ಪ ಟೈಮ್ ಮ್ಯಾನೇಜ್‌ಮೆಂಟ್ ಕಲ್ತ್ಕೋಮ್ಮಾ, ಎಲ್ಲಾ ಸರಿ ಹೋಗತ್ತೆ." ಕೆಲಸಕ್ಕೂ ಹೋಗ್ತಾ, ಓದ್ತಾ, ಮನೇಲಿ ಒಬ್ಬರನ್ನ ನೋಡಿಕೊಳ್ತಾ ಇರೋ ಯಾವ ಹೆಣ್ಣುಮಗಳಿಗೂ ಈ ಮಾತು ಹೊಸದಲ್ಲ. ಹೇಳುವವರದು ಒಳ್ಳೇ ಮನಸ್ಸೇ. ಆದರೆ ಆ ಸಲಹೆ ಅರ್ಧ ಸಮಸ್ಯೆಗೆ ಮಾತ್ರ ಔಷಧಿ. ಉಳಿದರ್ಧಕ್ಕೆ ಅದನ್ನು ಎಷ್ಟು ಕುಡಿದರೂ ಜ್ವರ ಇಳಿಯಲ್ಲ. ಯಾಕೆ ಅನ್ನೋದು ಈ ಸಲದ ಅಂಕಣದ ವಿಷಯ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಶನಿವಾರದ ತರಗತಿಗಳಿರುವ ಎಂ.ಟೆಕ್ ಮಾಡ್ತಿದೀನಿ. ಅಪ್ಪನಿಗೆ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ವಾರಕ್ಕೆ 168 ಗಂಟೆ. ಆಫೀಸಿಗೆ 45, ಓಡಾಟಕ್ಕೆ 8, ತರಗತಿ ಮತ್ತು ಓದಿಗೆ 14. ಡಯಾಲಿಸಿಸ್‌ಗೆ ಹೋಗಿಬರಲು ಸಲಕ್ಕೆ ಐದೂವರೆಯಂತೆ ಹದಿನಾರೂವರೆ. ಮನೆಕೆಲಸಕ್ಕೆ ದಿನಕ್ಕೆ ಮೂರರಂತೆ 21. ನಿದ್ದೆ ಏಳು ಗಂಟೆಯಂತೆ 49. ಒಟ್ಟು 153.5. ಸ್ನಾನ, ಊಟ, ತಿಂಡಿಗೆ ದಿನಕ್ಕೆ ಎರಡು ಗಂಟೆ ಕಳೆದರೆ ವಾರಕ್ಕೆ ಅರ್ಧ ಗಂಟೆ ಉಳಿಯುತ್ತದೆ!

ಅಂದರೆ ಹಾಳೆಯ ಮೇಲೆ ಎಲ್ಲವೂ ಹಿಡಿಸುತ್ತದೆ. ಆದರೂ ಬದುಕಿನಲ್ಲಿ ಹಿಡಿಸಲ್ಲ. ಕಾರಣ ಒಂದಲ್ಲ, ಎರಡು. ಒಂದು, ಗಂಟೆಗಳ ಮೊತ್ತ ಸರಿಯಿದ್ದರೂ ಎರಡು ಕೆಲಸಗಳು ಒಂದೇ ಗಂಟೆಯನ್ನು ಕೇಳುತ್ತವೆ. ಎರಡು, ಕೆಲವು ಕಷ್ಟಗಳಿಗೂ ಗಂಟೆಗೂ ಸಂಬಂಧವೇ ಇಲ್ಲ. ಸಮಾಜಶಾಸ್ತ್ರದಲ್ಲಿ ಇವೆರಡಕ್ಕೂ ಬೇರೆಬೇರೆ ಹೆಸರಿದೆ. ಮೊದಲನೆಯದು ಪಾತ್ರ ಸಂಘರ್ಷ, ಅಂದರೆ ರೋಲ್ ಕಾನ್‌ಫ್ಲಿಕ್ಟ್. ಎರಡನೆಯದು ಪಾತ್ರದ ಒತ್ತಡ, ಅಂದರೆ ರೋಲ್ ಸ್ಟ್ರೇನ್. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರು ಓದಿರ್ತಾರೆ. ನಮ್ಮಂಥ ಸೈನ್ಸ್‌ನವರ ಕಣ್ಣಿಗೆ ಇದು ಬೀಳೋದು ತಡವಾಗಿ.

ಎರಡಕ್ಕೂ ಇರುವ ವ್ಯತ್ಯಾಸ

ಸಮಾಜದಲ್ಲಿ ನಮಗೊಂದು ಸ್ಥಾನ ಇದೆ ಅಂದರೆ, ಅದರ ಜೊತೆ ನಮ್ಮಿಂದ ಇಂತಿಂಥದ್ದು ಆಗಬೇಕು ಅನ್ನೋ ನಿರೀಕ್ಷೆಗಳೂ ಇರುತ್ತವೆ. ಆ ನಿರೀಕ್ಷೆಗಳ ಕಟ್ಟೇ ಪಾತ್ರ. ನನಗೆ ಮುಖ್ಯವಾಗಿ ಮೂರು ಪಾತ್ರ: ಉದ್ಯೋಗಿ, ವಿದ್ಯಾರ್ಥಿನಿ, ಆರೈಕೆ ಮಾಡುವ ಮಗಳು. ಇವುಗಳಲ್ಲಿ ಎರಡು ಪರಸ್ಪರ ಡಿಕ್ಕಿ ಹೊಡೆದರೆ ಅದು ಸಂಘರ್ಷ. ಒಂದೇ ಪಾತ್ರದ ಒಳಗೇ ನಿರೀಕ್ಷೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ, ಅಥವಾ ಒಬ್ಬ ಮನುಷ್ಯನಿಂದ ಆಗದಷ್ಟಿದ್ದರೆ ಅದು ಒತ್ತಡ.

ನಮ್ಮ ಫೀಲ್ಡಿನವರಿಗೆ ಹೀಗೆ ಹೇಳಬಹುದು. ಒಂದೇ ಹೊತ್ತಿಗೆ ಎರಡು ಮೀಟಿಂಗ್ ಬಿದ್ದರೆ ಅದು ಸಂಘರ್ಷ. ಒಂದೇ ಟಿಕೆಟ್‌ನಲ್ಲಿ "ನಾಳೆಯೇ ಮುಗಿಸಬೇಕು" ಅಂತಲೂ "ಯಾವ ಟೆಸ್ಟನ್ನೂ ಬಿಡಬಾರದು" ಅಂತಲೂ ಬರೆದಿದ್ದರೆ ಅದು ಒತ್ತಡ. ಮೊದಲನೆಯದಕ್ಕೆ ಕ್ಯಾಲೆಂಡರ್ ಸರಿಮಾಡಿದರೆ ಆಯ್ತು. ಎರಡನೆಯದಕ್ಕೆ ಕ್ಯಾಲೆಂಡರ್ ಏನು ಮಾಡೀತು?

ಇವೆರಡನ್ನೂ ಗುರುತಿಸೋಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಉಳಿದ ಎರಡು ಪಾತ್ರಗಳನ್ನೂ ಒಂದು ವಾರ ಯಾರಾದರೂ ಎತ್ತಿಟ್ಟುಬಿಟ್ಟರೆ ಈ ಕಷ್ಟ ಉಳಿಯುತ್ತಾ? ಉಳಿಯಲ್ಲ ಅಂದರೆ ಅದು ಸಂಘರ್ಷ. ಉಳಿಯುತ್ತೆ ಅಂದರೆ ಒತ್ತಡ. ನಮ್ಮ ಮನೆಯ ಎರಡು ಪ್ರಸಂಗಗಳಿಗೆ ಈ ಪ್ರಶ್ನೆ ಹಾಕಿ ನೋಡೋಣ.

ಶನಿವಾರದ ಜಗಳ

ಡಯಾಲಿಸಿಸ್ ಸೆಂಟರ್‌ಗಳಲ್ಲಿ ಮಷಿನ್ ಖಾಲಿ ಬಿಡಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಪಾಳಿಗಳಿರುತ್ತವೆ. ಒಂದು ಗುಂಪಿಗೆ ಸೋಮ, ಬುಧ, ಶುಕ್ರ. ಇನ್ನೊಂದು ಗುಂಪಿಗೆ ಮಂಗಳ, ಗುರು, ಶನಿ. ಅಪ್ಪನಿಗೆ ಸಿಕ್ಕಿದ್ದು ಎರಡನೆಯದು, ಬೆಳಗ್ಗೆ ಏಳು ಗಂಟೆಯ ಪಾಳಿ. ಆರೂವರೆಗೆ ಅಲ್ಲಿರಬೇಕು. ತೂಕ, ಬಿಪಿ ನೋಡಿ, ಕೈಯಲ್ಲಿರೋ ಫಿಸ್ಟುಲಾಗೆ ಎರಡು ಸೂಜಿ ಚುಚ್ಚಿ ಮಷಿನ್ ಶುರು ಮಾಡ್ತಾರೆ. ನಾಲ್ಕು ಗಂಟೆ ಆದಮೇಲೆ ಸೂಜಿ ತೆಗೆದು, ರಕ್ತ ನಿಲ್ಲೋವರೆಗೂ ಒತ್ತಿ ಹಿಡಿಯಬೇಕು. ಮುಗಿದ ಮೇಲೆ ಬಿಪಿ ಇಳಿದು ತಲೆ ಸುತ್ತೋದು ಸಾಮಾನ್ಯ. ಹಾಗಾಗಿ ಒಬ್ಬರೇ ಆಟೋ ಹತ್ತಿ ಬರ್ತಾರೆ ಅಂತ ಬಿಡೋಕಾಗಲ್ಲ. ಮನೆ ಸೇರುವಾಗ ಹನ್ನೆರಡು.

ನನ್ನ ಎಂ.ಟೆಕ್ ತರಗತಿ ಶನಿವಾರ ಒಂಬತ್ತೂವರೆಗೆ. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಗುರುವಾರ ಆಫೀಸಿನಲ್ಲಿ ರಿಲೀಸ್, ಅದೂ ಬೆಳಗ್ಗೆಯೇ. ಹೀಗೆ ವಾರದ ಮೂರು ಡಯಾಲಿಸಿಸ್‌ನಲ್ಲಿ ಎರಡು ಬೇರೆ ಪಾತ್ರಗಳ ಮೇಲೆ ನೇರವಾಗಿ ಬೀಳುತ್ತಿದ್ದವು.

ನಮ್ಮ ಪ್ರಶ್ನೆ ಹಾಕೋಣ. ಓದು, ಕೆಲಸ ಎರಡನ್ನೂ ಎತ್ತಿಟ್ಟರೆ ಶನಿವಾರದ ಕಷ್ಟ ಉಳಿಯುತ್ತಾ? ಇಲ್ಲ. ಅಪ್ಪನ ಪಕ್ಕ ಆರಾಮಾಗಿ ಕೂತು ಪೇಪರ್ ಓದಬಹುದು. ಹಾಗಾಗಿ ಇದು ಸಂಘರ್ಷ. ಸಂಘರ್ಷದ ಒಂದು ಗುಣ ಏನಂದ್ರೆ, ಅದಕ್ಕೆ ದಿನ, ಗಂಟೆ, ಜಾಗ ಇರುತ್ತದೆ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದು. ಬೆರಳಿಟ್ಟು ತೋರಿಸಬಹುದಾದ್ದನ್ನು ಸರಿಸಲೂಬಹುದು.

ಯಾವುದನ್ನು ಸರಿಸಬೇಕು ಅನ್ನೋದು ಮುಂದಿನ ಪ್ರಶ್ನೆ. ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ, ಅದು ಪ್ರಾಣದ ವಿಷಯ. ತರಗತಿಯ ದಿನ ನನ್ನ ಕೈಯಲ್ಲಿಲ್ಲ. ರಿಲೀಸ್ ದಿನ ಇಡೀ ತಂಡದ್ದು. ಆದರೆ ಡಯಾಲಿಸಿಸ್ ತಪ್ಪಿಸೋದು ಬೇರೆ, ಅದರ ದಿನ ಬದಲಿಸೋದು ಬೇರೆ. ಸೋಮ-ಬುಧ-ಶುಕ್ರದ ಗುಂಪಿನಲ್ಲಿ ಜಾಗ ಖಾಲಿಯಾದರೆ ನಮಗೆ ಕೊಡಿ ಅಂತ ಸೆಂಟರ್‌ನಲ್ಲಿ ಬರೆಸಿಟ್ಟೆವು. ಎರಡು ತಿಂಗಳಿಗೆ ಸಿಕ್ಕಿತು. ಬುಧವಾರ ಗಂಡ ಹೋಗ್ತಾರೆ, ಸೋಮವಾರ ಮತ್ತು ಶುಕ್ರವಾರ ನಾನು. ಆ ಎರಡು ದಿನ ಹನ್ನೆರಡೂವರೆವರೆಗೆ ಮೀಟಿಂಗ್ ಇಡಬೇಡಿ, ಸಂಜೆ ಆ ಹೊತ್ತನ್ನು ತುಂಬಿಕೊಡ್ತೀನಿ ಅಂತ ಮ್ಯಾನೇಜರ್ ಜೊತೆ ಮಾತಾಡಿ ಇಮೇಲ್‌ನಲ್ಲೂ ಬರೆದಿಟ್ಟೆ. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ ದಿನ ಮಾಯವಾಗುತ್ತದೆ, ಬರೆದದ್ದು ಉಳಿಯುತ್ತದೆ. ಖಾಸಗಿ ಕಂಪನಿಗಳಲ್ಲಿ ಹೆರಿಗೆಗೆ 26 ವಾರಗಳ ರಜೆ ಕಾನೂನಿನಲ್ಲೇ ಇದೆ. ವಯಸ್ಸಾದ ಅಪ್ಪ-ಅಮ್ಮನ ಆರೈಕೆಗೆಂದು ಅಂಥ ಪ್ರತ್ಯೇಕ ರಜೆ ಇಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟ ಒಪ್ಪಂದಕ್ಕೆ ಇಷ್ಟು ಬೆಲೆ.

ಟೈಮ್ ಮ್ಯಾನೇಜ್‌ಮೆಂಟ್ ಅನ್ನೋ ಔಷಧಿ ಇಲ್ಲಿ ಕೆಲಸ ಮಾಡಿತು. ಒಂದೇ ಬದಲಾವಣೆಗೆ ಎರಡು ಡಿಕ್ಕಿ ನಿಂತವು.

ಸಮಯದ್ದಲ್ಲದ ಸಂಘರ್ಷ

ಎಲ್ಲ ಸಂಘರ್ಷವೂ ಗಂಟೆಯದೇ ಅಂದುಕೊಳ್ಳೋ ಹಾಗಿಲ್ಲ. ಕೆಲಸ ಮತ್ತು ಮನೆಯ ನಡುವಿನ ಸಂಘರ್ಷದ ಬಗ್ಗೆ 1985ರಲ್ಲಿ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಅನ್ನೋ ಇಬ್ಬರು ಒಂದು ಲೇಖನ ಬರೆದರು. ಇವತ್ತಿಗೂ ಆ ವಿಷಯದ ಬಗ್ಗೆ ಬರೆಯುವವರು ಅಲ್ಲಿಂದಲೇ ಶುರು ಮಾಡ್ತಾರೆ. ಸಂಘರ್ಷಕ್ಕೆ ಮೂರು ಮೂಲ ಅಂತಾರೆ ಅವರು. ಮೊದಲನೆಯದು ಸಮಯ. ಅದನ್ನ ಈಗ ನೋಡಿದೆವು.

ಎರಡನೆಯದು ಒಂದು ಪಾತ್ರದ ದಣಿವು ಇನ್ನೊಂದಕ್ಕೆ ಹರಿದು ಬರೋದು. ಆನ್-ಕಾಲ್ ವಾರದಲ್ಲಿ ರಾತ್ರಿ ಎರಡಕ್ಕೆ ಫೋನ್ ಕೂಗಿ, ಸರ್ವರ್ ಸರಿಮಾಡಿ ಮಲಗುವಾಗ ನಾಲ್ಕಾಗಿದ್ದರೆ, ಬೆಳಗಿನ ತರಗತಿಯಲ್ಲಿ ನಾನಿರ್ತೀನಿ, ತಲೆ ಇರಲ್ಲ. ಕ್ಯಾಲೆಂಡರಿನಲ್ಲಿ ಅವೆರಡೂ ಡಿಕ್ಕಿ ಹೊಡೆದೇ ಇಲ್ಲ. ಇದಕ್ಕೆ ಮದ್ದು ಗಂಟೆ ಹೊಂದಿಸೋದಲ್ಲ, ಅಂತರ ಬಿಡೋದು. ಪರೀಕ್ಷೆಯ ವಾರಕ್ಕೂ ಆನ್-ಕಾಲ್ ವಾರಕ್ಕೂ ನಡುವೆ ಒಂದು ವಾರ ಇರೋ ಹಾಗೆ ಸಹೋದ್ಯೋಗಿಗಳ ಜೊತೆ ಪಾಳಿ ಅದಲು ಬದಲು ಮಾಡಿಕೊಳ್ತೀನಿ. ಸೆಮಿಸ್ಟರ್ ಶುರುವಿನಲ್ಲೇ ಕೇಳಿದರೆ ಯಾರೂ ಬೇಡ ಅನ್ನಲ್ಲ. ಹಿಂದಿನ ದಿನ ಕೇಳಿದರೆ ಯಾರಿಗೂ ಆಗಲ್ಲ.

ಮೂರನೆಯದು ನಡವಳಿಕೆ. ಒಂದು ಪಾತ್ರದಲ್ಲಿ ಶಭಾಷ್ ಅನ್ನಿಸಿಕೊಳ್ಳೋ ರೀತಿ ಇನ್ನೊಂದರಲ್ಲಿ ಚುಚ್ಚುತ್ತದೆ. ಆಫೀಸಿನಲ್ಲಿ ನೇರ ಪ್ರಶ್ನೆ ಕೇಳೋದು ಗುಣ. "ಯಾರು ಮಾಡ್ತಾರೆ, ಯಾವಾಗ ಮುಗಿಯತ್ತೆ?" ಅದೇ ಧಾಟಿಯಲ್ಲಿ ಮನೆಯಲ್ಲಿ "ಮಾತ್ರೆ ಆಯ್ತಾ? ತೂಕ ಎಷ್ಟು? ಯಾಕೆ ಬರೆದಿಲ್ಲ?" ಅಂದರೆ ಅಮ್ಮ ಹೇಳೋದು ಒಂದೇ ಮಾತು. "ನಾನೇನು ನಿನ್ನ ಕೈ ಕೆಳಗೆ ಕೆಲಸಕ್ಕಿದ್ದೀನೇನೆ?" ಬಾಗಿಲು ದಾಟುವಾಗ ಧಾಟಿ ಬದಲಾಗೋಕೆ ಸ್ವಲ್ಪ ಹೊತ್ತು ಬೇಕು. ಮನೆಯಿಂದಲೇ ಕೆಲಸ ಮಾಡುವವರಿಗೆ ಆ ಬಾಗಿಲೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಹತ್ತು ನಿಮಿಷ ಕೆಳಗೆ ಓಡಾಡಿ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ಲೋಟ ಮಜ್ಜಿಗೆ

ಶನಿವಾರದ ಜಗಳ ಮುಗೀತು. ವಾರಾಂತ್ಯ ಹಗುರಾಗಬೇಕಿತ್ತು. ಆಗಲಿಲ್ಲ, ಭಾನುವಾರ ಇನ್ನೂ ಭಾರವಾಯಿತು. ಕಾರಣ ಡಯಾಲಿಸಿಸ್‌ನ ಲೆಕ್ಕದಲ್ಲೇ ಇದೆ. ವಾರಕ್ಕೆ ಮೂರು ಸಲ ಅಂದರೆ ಎರಡು ಕಡೆ ಒಂದು ದಿನದ ಬಿಡುವು, ಒಂದು ಕಡೆ ಎರಡು ದಿನದ ಬಿಡುವು. ಆ ದೊಡ್ಡ ಬಿಡುವಿನಲ್ಲಿ ನೀರು, ಪೊಟ್ಯಾಸಿಯಂ ಎರಡೂ ದೇಹದಲ್ಲಿ ಹೆಚ್ಚು ಸೇರುತ್ತವೆ. ಅದರ ಕೊನೆಯ ಹೊತ್ತೇ ಹೃದಯಕ್ಕೆ ಅಪಾಯದ್ದು. ಹೊಸ ಪಾಳಿಯಲ್ಲಿ ಆ ಬಿಡುವು ಸರಿಯಾಗಿ ಶನಿವಾರ-ಭಾನುವಾರ ಬಂತು. ನೆಂಟರು ಬರೋದು, ನಾಮಕರಣ, ಗೃಹಪ್ರವೇಶ, ಪಾಯಸ ಎಲ್ಲಾ ಅವೇ ದಿನ.

ಅಪ್ಪನಿಗೆ ಡಾಕ್ಟರ್ ಹೇಳಿರುವ ಮಿತಿ ದಿನಕ್ಕೆ ಒಂದು ಲೀಟರ್. ಇದು ಅವರ ಲೆಕ್ಕ, ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ಲೀಟರ್ ಅಂದರೆ ಬರೀ ನೀರಲ್ಲ. ಕಾಫಿ, ಸಾರು, ಮಜ್ಜಿಗೆ, ಪಾಯಸ ಎಲ್ಲವೂ ಅದರಲ್ಲೇ. ಒಂದು ಲೀಟರ್ ನೀರು ಒಳಗೆ ನಿಂತರೆ ತೂಕ ಒಂದು ಕೆ.ಜಿ. ಏರುತ್ತದೆ, ಹಾಗಾಗಿ ಸುಳ್ಳು ಹೇಳೋಕಾಗಲ್ಲ. ಸೋಮವಾರ ತೂಕದ ಮಷಿನ್ ಮೂರು ಕೆ.ಜಿ. ಜಾಸ್ತಿ ತೋರಿಸಿದರೆ ಟೆಕ್ನಿಷಿಯನ್ ಅಪ್ಪನನ್ನ ಕೇಳಲ್ಲ. ನನ್ನ ಕಡೆ ತಿರುಗ್ತಾರೆ. "ಏನ್ ಮೇಡಂ, ನೀರು ಜಾಸ್ತಿ ಕೊಟ್ಟಿದೀರಾ?"

ಇತ್ತ ಅಪ್ಪ. ಜೀವಮಾನವಿಡೀ ಊಟದ ಕೊನೆಗೆ ಮಜ್ಜಿಗೆ ಕುಡಿದವರು. "ಒಂದು ಲೋಟ ಮಜ್ಜಿಗೆಗೂ ಮಗಳ ಹತ್ರ ಲೆಕ್ಕ ಒಪ್ಪಿಸೋ ಕಾಲ ಬಂತು" ಅಂತ ಗೋಡೆ ಕಡೆ ನೋಡ್ತಾ ಹೇಳ್ತಾರೆ. ಭಾನುವಾರ ನೋಡೋಕೆ ಬಂದ ಅತ್ತೆ, ಅಂದರೆ ಅಪ್ಪನ ತಂಗಿ, ಎಳನೀರು ತಂದಿರ್ತಾರೆ. "ಎಳನೀರು ತಂಪಲ್ವೇನೇ? ಅಣ್ಣನಿಗೆ ಅದನ್ನೂ ಕೊಡಲ್ವಾ?" ಎಳನೀರಲ್ಲಿ ನೀರೂ ಇದೆ, ಪೊಟ್ಯಾಸಿಯಮ್ಮೂ ದಂಡಿಯಾಗಿದೆ. ಡಯಾಲಿಸಿಸ್‌ನವರಿಗೆ ಅದು ನೇರ ಅಪಾಯ. ಅದನ್ನ ಅತ್ತೆಗೆ ವಿವರಿಸಿ ಮುಗಿಸೋ ಹೊತ್ತಿಗೆ ನಾನು ಗಟ್ಟಿಮನಸ್ಸಿನ ಮಗಳಾಗಿರ್ತೀನಿ.

ಪ್ರಶ್ನೆ ಹಾಕೋಣ. ಕೆಲಸ, ಓದು ಎರಡನ್ನೂ ಎತ್ತಿಟ್ಟರೆ ಈ ಕಷ್ಟ ಹೋಗುತ್ತಾ? ಇದಕ್ಕೆ ಉತ್ತರ ಊಹೆಯಲ್ಲ. ಸೆಮಿಸ್ಟರ್ ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಮನೆಯಲ್ಲಿದ್ದೆ. ನೀರಿನ ಜಗ್ಗಾಟ ಹೆಚ್ಚೇ ಆಯಿತು, ಯಾಕೆಂದರೆ ಇಡೀ ದಿನ ಕಾಯೋಕೆ ನಾನಿದ್ದೆ! ಹಾಗಾಗಿ ಇದು ಸಂಘರ್ಷ ಅಲ್ಲ, ಒತ್ತಡ. ಆರೈಕೆ ಮಾಡುವ ಮಗಳು ಅನ್ನೋ ಒಂದೇ ಪಾತ್ರದಲ್ಲಿ ಎರಡು ಆಜ್ಞೆಗಳಿವೆ: ಅಪ್ಪನನ್ನ ಕಾಪಾಡು, ಅಪ್ಪನ ಮನಸ್ಸು ನೋಯಿಸಬೇಡ. ಒಂದು ಲೋಟ ಮಜ್ಜಿಗೆಯ ಮುಂದೆ ಎರಡನ್ನೂ ಒಟ್ಟಿಗೆ ಪಾಲಿಸೋಕಾಗಲ್ಲ. ಎಷ್ಟು ಗಂಟೆ ಕೊಟ್ಟರೂ ಆಗಲ್ಲ.

ರಾಬರ್ಟ್ ಮೆರ್ಟನ್ ಅನ್ನೋ ಸಮಾಜಶಾಸ್ತ್ರಜ್ಞ 1957ರಲ್ಲಿ ಇದರ ಬೇರನ್ನು ತೋರಿಸಿದ್ದರು. ಒಂದು ಸ್ಥಾನಕ್ಕೆ ಒಬ್ಬರೇ ಎದುರಾಳಿ ಇರಲ್ಲ, ಒಂದು ಗುಂಪೇ ಇರುತ್ತದೆ ಅಂದರು ಅವರು. ನನ್ನ ಒಂದು ಪಾತ್ರದ ಸುತ್ತ ಡಾಕ್ಟರ್, ಟೆಕ್ನಿಷಿಯನ್, ಅಪ್ಪ, ಅಮ್ಮ, ಅತ್ತೆ ಇದ್ದಾರೆ. ಪ್ರತಿಯೊಬ್ಬರಿಗೂ 'ಒಳ್ಳೇ ಮಗಳು' ಅಂದರೆ ಬೇರೆ ಅರ್ಥ. ಆಫೀಸಿನಲ್ಲೂ ಹೀಗೇ ತಾನೇ? ಮ್ಯಾನೇಜರ್‌ಗೆ ಬೇಗ ಬೇಕು, ಟೆಸ್ಟರ್‌ಗೆ ತಪ್ಪಿಲ್ಲದ್ದು ಬೇಕು, ಹೊಸದಾಗಿ ಸೇರಿದ ಹುಡುಗನಿಗೆ ಕೂತು ಹೇಳಿಕೊಡುವವರು ಬೇಕು. ಇಲ್ಲಿ ಜಾಸ್ತಿ ಹೊತ್ತು ಕೆಲಸ ಮಾಡಿದರೆ ಒತ್ತಡ ತೀರಲ್ಲ. "ಈ ವಾರ ಮೂರರಲ್ಲಿ ಯಾವುದು ಮೊದಲು, ಯಾವುದು ಬಿಟ್ಟರೂ ಪರವಾಗಿಲ್ಲ, ನೀವೇ ಹೇಳಿ" ಅಂತ ಮ್ಯಾನೇಜರ್ ಕೈಗೆ ಆ ವೈರುಧ್ಯವನ್ನು ಕೊಟ್ಟಾಗಲೇ ಅದು ನಮ್ಮ ತಲೆಯಿಂದ ಇಳಿಯೋದು.

ಒತ್ತಡಕ್ಕೆ ಬೇರೆ ಮದ್ದು

ಪಾತ್ರದ ಒತ್ತಡದ ಬಗ್ಗೆ ಮೂಲ ಲೇಖನ ಬರೆದವರು ವಿಲಿಯಂ ಗೂಡ್, 1960ರಲ್ಲಿ. ಅವರ ಮೊದಲ ಮಾತೇ ಸಮಾಧಾನದ್ದು. ಎಲ್ಲ ನಿರೀಕ್ಷೆಗಳನ್ನೂ ಪೂರ್ತಿ ಈಡೇರಿಸೋದು ಯಾರಿಂದಲೂ ಆಗಲ್ಲ, ಒತ್ತಡ ಇರೋದೇ ಸಹಜ ಸ್ಥಿತಿ. ಹಾಗಿರೋದರಿಂದ ಜನ ಅದನ್ನ ಹೊತ್ತು ತಿರುಗೋದಷ್ಟೇ ಅಲ್ಲ, ಚೌಕಾಸಿಯನ್ನೂ ಮಾಡ್ತಾರೆ ಅಂತಾರೆ ಗೂಡ್. ಕೆಲಸವನ್ನು ಇನ್ನೊಬ್ಬರಿಗೆ ವಹಿಸೋದು, ಒಂದರ ಚಿಂತೆ ಇನ್ನೊಂದಕ್ಕೆ ಬರದ ಹಾಗೆ ಬೇರೆ ಬೇರೆ ಡಬ್ಬಿಗೆ ಹಾಕೋದು, ಒಂದು ಸಂಬಂಧವನ್ನೇ ಬಿಡೋದು, ಯಾರೂ ಒಳನುಗ್ಗದ ಹಾಗೆ ಬೇಲಿ ಹಾಕೋದು, ಹೀಗೆ ಕೆಲವು ದಾರಿಗಳನ್ನ ಪಟ್ಟಿ ಮಾಡಿದಾರೆ.

ನೀರಿನ ವಿಷಯದಲ್ಲಿ ನಮಗೆ ಒದಗಿದ್ದು ವಹಿಸೋದು. ಆದರೆ ವಹಿಸಿದ್ದು ಇನ್ನೊಬ್ಬ ಕಾವಲುಗಾರನಿಗಲ್ಲ, ಅಪ್ಪನಿಗೇ. ಸೆಂಟರಿನ ಡಯಟಿಷಿಯನ್‌ಗೆ, "ನನಗೆ ಹೇಳಬೇಡಿ, ಅವರಿಗೇ ಹೇಳಿ, ನಾನು ಹೊರಗಿರ್ತೀನಿ" ಅಂದೆ. ಅಪ್ಪ ನಿವೃತ್ತ ಮೇಷ್ಟ್ರು. ಲೆಕ್ಕ ಅಂದರೆ ಬಿಡುವವರಲ್ಲ. ಈಗ ಬೆಳಗ್ಗೆ ಒಂದು ಬಾಟಲಿಗೆ 500 ಮಿ.ಲೀ. ನೀರು ಅವರೇ ತುಂಬಿಟ್ಟುಕೊಳ್ತಾರೆ. ಉಳಿದ 500 ಕಾಫಿ, ಸಾರು, ಮಜ್ಜಿಗೆಗೆ. ಮಜ್ಜಿಗೆ ಬೇಕಾದ ದಿನ ಸಂಜೆ ಕಾಫಿ ಬಿಡ್ತಾರೆ. ಬೆಳಗ್ಗೆ ಎದ್ದು ತೂಕ ನೋಡಿ ಅವರೇ ಡೈರಿಯಲ್ಲಿ ಬರೀತಾರೆ. ಸೋಮವಾರ ಟೆಕ್ನಿಷಿಯನ್ ನನ್ನ ಕಡೆ ತಿರುಗಿದರೆ, "ಡೈರಿ ನನ್ನ ಹತ್ರ ಇದೆ, ನನ್ನನ್ನ ಕೇಳಿ" ಅಂತಾರೆ.

ತೂಕ ಪವಾಡದ ಹಾಗೆ ಇಳಿದಿಲ್ಲ. ಕೆಲವು ವಾರ ಎರಡೂವರೆ, ಕೆಲವು ವಾರ ಮೂರು. ಆದರೆ ಊಟದ ಹೊತ್ತಿಗೆ ನಾನೀಗ ಮಗಳು ಮಾತ್ರ. ಕಾವಲಿನ ಕೆಲಸ ಆ ಪಾತ್ರದಿಂದ ಹೊರಗೆ ಹೋಗಿದೆ. ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಇದು ನಡೆಯೋದಿಲ್ಲ, ಅಲ್ಲಿ ಲೆಕ್ಕವನ್ನು ರೋಗಿಗೆ ಕೊಡೋಕಾಗಲ್ಲ. ಅಲ್ಲಿ ಕಾವಲು ಒಬ್ಬರದು, ಮಾತುಕತೆ ಇನ್ನೊಬ್ಬರದು ಅಂತ ಮನೆಯವರೇ ಹಂಚಿಕೊಳ್ಳಬೇಕಾಗುತ್ತದೆ.

ಸಂಬಂಧವನ್ನೇ ಬಿಡೋದು ಅಂದಾಗ ಎಲ್ಲರ ಕಣ್ಣೂ ಮೊದಲು ಬೀಳೋದು ಓದಿನ ಮೇಲೆ. "ಈ ಎಂ.ಟೆಕ್ ಈಗಲೇ ಬೇಕಿತ್ತಾ?" ಪಾತ್ರ ಕಡಿಮೆಯಾದರೆ ಭಾರ ಕಡಿಮೆ ಅನ್ನೋದು ಮೇಲ್ನೋಟಕ್ಕೆ ಸರಿ. ಆದರೆ 1974ರಲ್ಲಿ ಸ್ಯಾಮ್ ಸೀಬರ್ ಅನ್ನುವವರು ಇದಕ್ಕೆ ಎದುರು ವಾದ ಇಟ್ಟರು. ಹಲವು ಪಾತ್ರಗಳಿದ್ದರೆ ಒಂದರಲ್ಲಿ ಸೋತ ದಿನ ಇನ್ನೊಂದು ನಮ್ಮನ್ನು ಹಿಡಿದುಕೊಳ್ಳುತ್ತದೆ ಅಂತ. ಶನಿವಾರದ ತರಗತಿಯಲ್ಲಿ ಕ್ರಿಯಾಟಿನಿನ್ ಎಷ್ಟು ಅಂತ ನನ್ನನ್ನ ಯಾರೂ ಕೇಳಲ್ಲ. ವಾರದಲ್ಲಿ ಅಂಥ ಜಾಗ ನನಗಿರೋದು ಅದೊಂದೇ. ಬಿಡಬೇಕಾದದ್ದು ಯಾವುದು ಅಂತ ತೀರ್ಮಾನಿಸೋ ಮುಂಚೆ, ಅದು ತಗೊಳ್ಳೋದನ್ನಷ್ಟೇ ಅಲ್ಲ, ಕೊಡೋದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಲೆ ಕಟ್ಟುವವರು ಯಾರು?

ಗೂಡ್ ಅವರ ಚೌಕಾಸಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದು ಪಾತ್ರಕ್ಕೆ ನಾವೆಷ್ಟು ಶ್ರಮ ಕೊಡಬೇಕು ಅನ್ನೋ ಬೆಲೆಯನ್ನು ನಾವು ಮತ್ತು ಎದುರಿನವರು ಮಾತ್ರ ನಿಗದಿ ಮಾಡಲ್ಲ. ಸುತ್ತ ನಿಂತಿರೋ ಮೂರನೆಯವರೂ ಮಾಡ್ತಾರೆ. ಕಡಿಮೆ ಕೊಟ್ಟರೆ ಅವರು ಮಾತಾಡ್ತಾರೆ. ನಮ್ಮಲ್ಲಿ ಈ ಮೂರನೆಯವರು ಮಗನಿಗೂ ಮಗಳಿಗೂ, ಗಂಡನಿಗೂ ಹೆಂಡತಿಗೂ ಒಂದೇ ಬೆಲೆ ಕಟ್ಟಲ್ಲ.

ನನ್ನ ತಮ್ಮ ಪುಣೆಯಲ್ಲಿದ್ದಾನೆ. ತಿಂಗಳಿಗೊಮ್ಮೆ ಬಂದು ಒಂದು ದಿನ ಅಪ್ಪನ ಜೊತೆ ಸೆಂಟರ್‌ನಲ್ಲಿ ಕೂತರೆ, "ಎಂಥಾ ಮಗ!" ಅಂತಾರೆ ನೆಂಟರು. ನಾನು ಒಂದು ದಿನ ಹೋಗದಿದ್ದರೆ, "ಯಾಕೆ ಮಗಳು ಬಂದಿಲ್ಲ?" ಬುಧವಾರ ಹೋಗೋ ನನ್ನ ಗಂಡನನ್ನ ಅಲ್ಲಿನವರು ಅಳಿಯಂದಿರಲ್ಲಿ ಚಿನ್ನ ಅಂತಾರೆ. ಚಿನ್ನವೇ, ಅದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ಅದೇ ಕೆಲಸ ವಾರಕ್ಕೆ ಎರಡು ಸಲ ಮಾಡೋ ನನಗೆ ಅಲ್ಲಿ ಯಾವ ಲೋಹದ ಹೆಸರೂ ಬಂದಿಲ್ಲ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಅದನ್ನ ಮಾಡುವ ಗಂಡಸರು ಕೊಡೋದು 88. ಬೆಲೆಪಟ್ಟಿ ಎರಡಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೂರನೆಯವರ ಬಾಯಿ ಮುಚ್ಚಿಸೋಕಾಗಲ್ಲ. ಆದರೆ ಕೆಲಸದ ಒಡೆತನ ಬದಲಿಸಬಹುದು. "ಸ್ವಲ್ಪ ಹೆಲ್ಪ್ ಮಾಡೋ" ಅಂದರೆ ಕೆಲಸ ನನ್ನದಾಗಿಯೇ ಉಳಿಯುತ್ತದೆ. ನೆನಪಿಸೋದು, ಪರೀಕ್ಷಿಸೋದು, ಥ್ಯಾಂಕ್ಸ್ ಹೇಳೋದು ಮೂರೂ ನನ್ನ ಪಾಲಿಗೇ ಬರುತ್ತವೆ. ಹಾಗಾಗಿ ತಮ್ಮನಿಗೆ ಹೆಲ್ಪ್ ಕೇಳಲಿಲ್ಲ, ದೂರದಿಂದಲೇ ಪೂರ್ತಿ ಮಾಡಬಹುದಾದ ಕೆಲಸಗಳನ್ನ ಬರೆದು ಕೊಟ್ಟೆ. ಇನ್ಶೂರೆನ್ಸ್ ಕ್ಲೇಮು, ತಿಂಗಳ ರಕ್ತಪರೀಕ್ಷೆ ಬುಕ್ ಮಾಡಿ ವರದಿಯನ್ನು ಡಾಕ್ಟರ್‌ಗೆ ಕಳಿಸೋದು, ಮಾತ್ರೆ ಮತ್ತು ಇಂಜೆಕ್ಷನ್ ತರಿಸೋದು. ರಕ್ತ ಹೆಚ್ಚಿಸೋ ಆ ಇಂಜೆಕ್ಷನ್ ಫ್ರಿಜ್‌ನ ತಂಪಿನಲ್ಲೇ ಬರಬೇಕು, ಯಾವ ದಿನ ಮನೆಯಲ್ಲಿ ಯಾರಿರ್ತಾರೆ ಅಂತ ಕೇಳಿ ತರಿಸಬೇಕು. ಅದೂ ಅವನದೇ. ಮೊದಲ ತಿಂಗಳು ನಾಲ್ಕು ಸಲ ಫೋನ್ ಮಾಡಿದ. ಈಗ ಫೋನ್ ಬರೋದು ಅಮ್ಮನಿಗೆ. ಕೊರಿಯರ್‌ನವನು ಬರ್ತಾನೆ, ಮಧ್ಯಾಹ್ನ ಮಲಗಬೇಡಮ್ಮಾ ಅಂತ.

ಇದರ ಮಿತಿ

ಈ ಬೇರ್ಪಡಿಸೋ ಪ್ರಶ್ನೆ ಎಲ್ಲಕ್ಕೂ ಉತ್ತರ ಕೊಡಲ್ಲ. ಕೆಲವು ಸಲ ಸಂಘರ್ಷ, ಒತ್ತಡ ಎರಡನ್ನೂ ಬಿಡಿಸಿಟ್ಟ ಮೇಲೂ ದಣಿವು ಉಳಿಯುತ್ತದೆ. ಆನ್-ಕಾಲ್ ಇಲ್ಲದ, ಪರೀಕ್ಷೆ ಇಲ್ಲದ, ಅಪ್ಪ ಚೆನ್ನಾಗಿರೋ ರಾತ್ರಿಯೂ ನಿದ್ದೆ ಬರದಿದ್ದರೆ. ಎಲ್ಲ ಸರಿಯಾಗಿ ಆದ ದಿನವೂ ಸಮಾಧಾನ ಅನ್ನಿಸದಿದ್ದರೆ. ಆರೈಕೆ ಮಾಡ್ತಿರೋ ಮನುಷ್ಯನ ಮೇಲೇ ದಿನಗಟ್ಟಲೆ ಸಿಟ್ಟು ಉಳಿದರೆ, ಅದು ಕ್ಯಾಲೆಂಡರಿನ ವಿಷಯವೂ ಅಲ್ಲ, ಚೌಕಾಸಿಯ ವಿಷಯವೂ ಅಲ್ಲ. ಆರೈಕೆ ಮಾಡುವವರ ಭಾರ ಅಳೆಯೋಕೆ ಜಾರಿಟ್ ಸ್ಕೇಲ್ ಅಂತ 22 ಪ್ರಶ್ನೆಗಳ ಒಂದು ಪಟ್ಟಿ ಇದೆ, ಡಾಕ್ಟರ್‌ಗಳು ಬಳಸ್ತಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಇಲ್ಲ.

ಅದಕ್ಕಿಂತ ಮೊದಲಿನ ಹಂತದಲ್ಲಿರುವವರಿಗೆ ಒಂದು ಸಣ್ಣ ಕೆಲಸ. ಈ ವಾರ ನಿಮಗೆ 'ಇನ್ನಾಗಲ್ಲ' ಅನ್ನಿಸಿದ ಪ್ರತಿ ಸಲ ಫೋನಿನ ನೋಟ್ಸ್‌ನಲ್ಲಿ ಒಂದು ಸಾಲು ಬರೆಯಿರಿ: ಯಾವ ಪಾತ್ರದಲ್ಲಿದ್ದಿರಿ, ಯಾರು ಏನು ಕೇಳಿದರು. ಭಾನುವಾರ ಕೂತು ಪ್ರತಿ ಸಾಲಿಗೂ ಆ ಪ್ರಶ್ನೆ ಹಾಕಿ, ಉಳಿದ ಪಾತ್ರ ಇಲ್ಲದಿದ್ದರೂ ಇದು ಇರ್ತಿತ್ತಾ ಅಂತ. 'ಇಲ್ಲ' ಅಂತ ಬಂದ ಸಾಲುಗಳನ್ನ ಕ್ಯಾಲೆಂಡರಿಗೆ ಒಯ್ಯಿರಿ. 'ಹೌದು' ಅಂತ ಬಂದವನ್ನ ಆ ಎರಡು ಆಜ್ಞೆ ಕೊಟ್ಟವರ ಹತ್ತಿರವೇ ಒಯ್ಯಬೇಕು. ನನ್ನ ಮೊದಲ ವಾರದ ಪಟ್ಟಿಯಲ್ಲಿ ಹದಿನೇಳು ಸಾಲಿತ್ತು. ಅದರಲ್ಲಿ ಆರು ಸಂಘರ್ಷ, ಹನ್ನೊಂದು ಒತ್ತಡ. ಹನ್ನೊಂದರಲ್ಲಿ ಐದು ಬರೀ ನೀರಿನದು.